ಮಾರ್ಕೆಟ್ ಅಂಗಡಿಯೋ, ಒಳರಸ್ತೆಯ ಕೋಣೆಯೋ: ಒಬ್ಬರೇ ಹೊಲಿಯುವ ಟೈಲರ್‌ಗೆ ಯಾವುದು ಸರಿ?

ಮಡಿಕೇರಿಯಂಥ ಊರಿನಲ್ಲಿ ಒಂದೇ ಮಿಷನ್ ಇಟ್ಟುಕೊಂಡು ಬ್ಲೌಸ್ ಹೊಲಿಯುವವರಿಗೆ ಒಳರಸ್ತೆಯೇ ಸರಿ. ಎರಡೂ ಕಡೆ ಕೂತು ಹೊಲಿದ ಮೇಲೆ ಈ ಮಾತಿನಲ್ಲಿ ಅನುಮಾನ ಉಳಿದಿಲ್ಲ. ಆದರೆ ಅಲ್ಲಿ ಕೋಣೆ ಆರಿಸುವಾಗ ಒಂದು ವಿಷಯದಲ್ಲಿ ಎಡವಿದರೆ ಬಾಡಿಗೆಯಲ್ಲಿ ಉಳಿಸಿದ್ದೆಲ್ಲ ಮೊದಲ ಮಳೆಗಾಲಕ್ಕೇ ಹೋಗುತ್ತದೆ. ಅದನ್ನು ಕೊನೆಗೆ ಬಿಡಿಸಿ ಹೇಳುತ್ತೇನೆ.

ಮೊದಲು ಬಾಡಿಗೆಯನ್ನು ಬ್ಲೌಸ್‌ನಲ್ಲಿ ಅಳೆಯಿರಿ. ಲೆಕ್ಕಕ್ಕೆ ಹೀಗಿಟ್ಟುಕೊಳ್ಳೋಣ: ಮಾರ್ಕೆಟ್ಟಿನ ಚಿಕ್ಕ ಮಳಿಗೆಗೆ ತಿಂಗಳಿಗೆ 12,000, ಒಳರಸ್ತೆಯ ಕೋಣೆಗೆ 3,500. ಲೈನಿಂಗ್ ಬ್ಲೌಸ್‌ಗೆ ಕೂಲಿ 450. ಲೈನಿಂಗ್ ಬಟ್ಟೆ, ದಾರ, ಹುಕ್ಕು, ಕರೆಂಟು, ಹುಕ್ಕು ಹಾಕಿಕೊಡುವವರ ಕೂಲಿ ಎಲ್ಲ ಕಳೆದು ಕೈಗೆ 300 ಉಳಿಯಿತು ಅನ್ನಿ. ಮಾರ್ಕೆಟ್ಟಿನಲ್ಲಿ ಮೊದಲ 40 ಬ್ಲೌಸ್ ಬಾಡಿಗೆಗೇ ಹೋಯಿತು. ಒಳರಸ್ತೆಯಲ್ಲಿ 12 ಹೊಲಿದರೆ ಬಾಡಿಗೆ ತೀರಿತು.

ಕತ್ತರಿಸಿ, ಹೊಲಿದು, ಇಸ್ತ್ರಿ ಹಾಕಿ ಒಬ್ಬರು ದಿನಕ್ಕೆ ಮೂರು ಲೈನಿಂಗ್ ಬ್ಲೌಸ್ ಮುಗಿಸಿದರೆ 25 ದಿನಕ್ಕೆ 75 ಆಗುತ್ತದೆ. ಮಾರ್ಕೆಟ್ಟಿನಲ್ಲಿ ಆ 75ನ್ನೂ ಹೊಲಿದರೆ ಬಾಡಿಗೆ ಕಳೆದು 10,500 ಉಳಿಯುತ್ತದೆ. ಒಳರಸ್ತೆಯಲ್ಲಿ ತಿಂಗಳಿಗೆ 47 ಬ್ಲೌಸ್ ಬಂದರೂ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಮಾರ್ಕೆಟ್ಟಿನಲ್ಲಿ ಗಿರಾಕಿ ಎಷ್ಟೇ ಬರಲಿ, ಹೊಲಿಯುವ ಕೈ ಎರಡೇ. ನಿಮ್ಮಿಂದ ಹೊಲಿಯಲು ಆಗದ 76ನೇ ಬ್ಲೌಸ್‌ಗಾಗಿ ಹೆಚ್ಚಿನ ಬಾಡಿಗೆ ಕೊಟ್ಟು ಪ್ರಯೋಜನವಿಲ್ಲ. ಮೂರು ಮಿಷನ್ ಹಾಕಿ, ನೀವು ಕಟಿಂಗ್ ಮಾತ್ರ ಮಾಡಿ, ಹೊಲಿಗೆಗೆ ಮೂವರು ಕೆಲಸದವರನ್ನು ಇಟ್ಟುಕೊಳ್ಳುವ ಯೋಚನೆ ಇದ್ದರೆ ಲೆಕ್ಕ ತಿರುಗುತ್ತದೆ. ಆಗ ಅದೇ ಬಾಡಿಗೆ ಮೂರು ಪಟ್ಟು ಕೆಲಸಕ್ಕೆ ಹಂಚಿಹೋಗುತ್ತದೆ. ಅಂಥವರು ಮಾರ್ಕೆಟ್ಟಿಗೇ ಹೋಗಲಿ.

ಮಾರ್ಕೆಟ್ಟಿನಲ್ಲಿ ಹೊತ್ತನ್ನು ನುಂಗುವುದು ಆಲ್ಟ್ರೇಷನ್. ಶುಕ್ರವಾರದ ಸಂತೆಗೆ ಹಳ್ಳಿಯಿಂದ ಬಂದವರು ಹೊಸ ಜೀನ್ಸ್ ಹಿಡಿದು ನಿಲ್ಲುತ್ತಾರೆ: “ಅಣ್ಣ, ಬಸ್ಸಿಗೆ ಹೋಗಬೇಕು, ಕಾಲು ಮಡಚಿ ಹೊಲಿದುಕೊಡಿ.” ಹತ್ತು ನಿಮಿಷದ ಕೆಲಸ ಅಂತ ಕಾಣುತ್ತದೆ. ಮಿಷನ್ನಿನಲ್ಲಿ ರೇಷ್ಮೆ ಬ್ಲೌಸ್ ಅರ್ಧಕ್ಕೆ ನಿಂತಿದೆ, ಸೂಜಿ 11ನೇ ನಂಬರಿನದು. ಜೀನ್ಸ್‌ಗೆ 16 ಬೇಕು. ಸೂಜಿ, ದಾರ, ಬಾಬಿನ್ ಬದಲಿಸಬೇಕು, ಟೆನ್ಷನ್ ಸರಿಮಾಡಬೇಕು, ಹೊಲಿಗೆಯ ಅಂತರ ದೊಡ್ಡದು ಮಾಡಬೇಕು. ಮುಗಿದ ಮೇಲೆ ಇವೆಲ್ಲವನ್ನೂ ಮತ್ತೆ ಹಿಂದಕ್ಕೆ ತಂದು ಚೂರು ಬಟ್ಟೆಯ ಮೇಲೆ ಒಂದು ಸಾಲು ಹೊಡೆದು ನೋಡಬೇಕು. ಎಲ್ಲ ಸೇರಿ 20 ನಿಮಿಷ, ಕೈಗೆ ಬರುವುದು 50 ರೂಪಾಯಿ. ಅಂಥ ಐದು ಜನ ಬಂದರೆ 250 ರೂಪಾಯಿ ಬಂತು, ಆದರೆ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಹೋಯಿತು. ಸಂಜೆಗೆ ಕೊಡುತ್ತೇನೆಂದು ಮಾತು ಕೊಟ್ಟ ಬ್ಲೌಸ್ ನಾಳೆಗೆ ಬಿತ್ತು.

ಇದಕ್ಕಿಂತ ಕೆಟ್ಟದ್ದು ಅವಸರದಲ್ಲಿ ಆಗುವ ತಪ್ಪು. 16ರ ಸೂಜಿ ತೆಗೆಯುವುದು ಮರೆತು ರೇಷ್ಮೆಗೆ ಇಳಿಸಿದರೆ ಸಾಲಿಡೀ ತೂತು ಬೀಳುತ್ತದೆ. ಹೊಲಿಗೆ ಬಿಚ್ಚಿದರೂ ಆ ತೂತು ಮುಚ್ಚುವುದಿಲ್ಲ, ತೋಳಿನ ಬುಡದಲ್ಲಾದರೆ ಎದ್ದು ಕಾಣುತ್ತದೆ. ಹಳೆಯ ಪೆಡಲ್ ಮಿಷನ್ ಒಂದಕ್ಕೆ 16ರ ಸೂಜಿ ಹಾಕಿ ಆಲ್ಟ್ರೇಷನ್‌ಗೆಂದೇ ಬಿಟ್ಟರೆ ತೊಂದರೆ ತಪ್ಪುತ್ತದೆ. ಆದರೆ ಎಂಟಡಿ ಅಗಲದ ಮಳಿಗೆಯಲ್ಲಿ ಕಟಿಂಗ್ ಟೇಬಲ್ ಹಾಕಿದ ಮೇಲೆ ಅದಕ್ಕೆ ಜಾಗ ಎಲ್ಲಿ? ಬೇಡ ಎಂದು ಗಿರಾಕಿಯನ್ನು ಕಳಿಸಿದರೆ, ಯಾವ ಓಡಾಟಕ್ಕಾಗಿ ಬಾಡಿಗೆ ಕೊಟ್ಟಿರೋ ಅದನ್ನೇ ವಾಪಸು ಕಳಿಸಿದ ಹಾಗೆ.

ಟ್ರಯಲ್ ರೂಮು ಒಳರಸ್ತೆಯಲ್ಲಿ ಸುಲಭ: ಮೂರಡಿ ಚೌಕ ಜಾಗ, ಒಂದು ಪರದೆ, ಒಂದು ಕನ್ನಡಿ. ಏಪ್ರಿಲ್-ಮೇ ಮದುವೆ ಕಾಲದಲ್ಲಿ ಒಂದೇ ಮನೆಯಿಂದ ಎಂಟು-ಹತ್ತು ಬ್ಲೌಸ್ ಬರುತ್ತವೆ. ಅವರು ಜೀಪಿನಲ್ಲೇ ಬರುವವರು, ಗಾಡಿ ನಿಲ್ಲಿಸಲು ಜಾಗ ಇರುವ ಕಡೆಯೇ ಅವರಿಗೆ ಅನುಕೂಲ. ಕೊಡವ ಸೀರೆಯ ನೆರಿಗೆ ಹಿಂದಕ್ಕೆ ಬರುತ್ತದೆ, ಸೆರಗನ್ನು ಮುಂದಕ್ಕೆ ತಂದು ಹೆಗಲ ಮೇಲೆ ಸಿಕ್ಕಿಸುತ್ತಾರೆ. ಹೆಗಲು ಸರಿಯಾಗಿ ಕೂತಿದೆಯೇ ಎಂದು ಹಾಕಿಸಿ ನೋಡದೆ ಕಳಿಸಿದರೆ ಮತ್ತೆ ಬಿಚ್ಚುವ ಕೆಲಸ ತಪ್ಪಿದ್ದಲ್ಲ.

ಹೊಸಬರಿಗೆ ಒಳರಸ್ತೆಯಲ್ಲಿ ಮೊದಲ ಆರು ತಿಂಗಳು ಕಷ್ಟವೇ. ಮಾರ್ಕೆಟ್ಟಿನ ಮ್ಯಾಚಿಂಗ್ ಸೆಂಟರ್ ಒಂದರ ಜೊತೆ ಮಾತಾಡಿ, ಲೈನಿಂಗನ್ನು ಅಲ್ಲಿಂದಲೇ ಖರೀದಿ ಮಾಡುತ್ತ, ಅವರ ಸೀರೆಗಳ ಫಾಲ್-ಪಿಕೋ ಮಾಡಿಕೊಡಿ. ಬ್ಲೌಸ್ ಗಿರಾಕಿಗಳನ್ನು ಅವರೇ ಕಳಿಸುತ್ತಾರೆ.

ಇನ್ನು ತೇವದ ವಿಷಯ. ಒಳರಸ್ತೆಯ ಬಾಡಿಗೆ ಅಗ್ಗವಾಗಿದ್ದರೆ ಕೋಣೆಯ ಹಿಂದಿನ ಗೋಡೆ ನೋಡಿ. ನಮ್ಮ ಊರುಗಳಲ್ಲಿ ಗುಡ್ಡ ಕಡಿದು ಕಟ್ಟಿದ ಮನೆಗಳೇ ಹೆಚ್ಚು, ಹಿಂದಿನ ಗೋಡೆ ಆ ಕಡಿದ ಮಣ್ಣಿನ ಬರೆಗೆ ತಾಗಿದಂತಿದ್ದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮಣ್ಣಿನ ನೀರು ಗೋಡೆಯೊಳಗೆ ಬರುತ್ತಲೇ ಇರುತ್ತದೆ. ಫೆಬ್ರವರಿಯಲ್ಲಿ ನೋಡಿದರೆ ಹೊಸ ಸುಣ್ಣ ಬಳಿದು ಚೆಂದ ಕಾಣುತ್ತದೆ. ನೆಲದಿಂದ ಎರಡಡಿ ಎತ್ತರದವರೆಗೆ ಕೈಯಾಡಿಸಿ. ಬಣ್ಣ ಪೊರೆ ಎದ್ದಿದ್ದರೆ, ಬಿಳಿ ಉಪ್ಪಿನ ಪುಡಿ ಕೈಗೆ ಹತ್ತಿದರೆ ಗೋಡೆ ನೀರು ಕುಡಿದಿದೆ. ಮಳೆಗಾಲದಲ್ಲಿ ನೋಡಲು ಹೋದರೆ ಎರಡಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ, ಆ ಕೋಣೆ ಬೇಡ. ಹೊರಮೈ ಮಾತ್ರ ಒದ್ದೆಯಾಗಿದ್ದರೆ ಅದು ಗಾಳಿಯ ತೇವ, ಅದಕ್ಕೆ ದಾರಿ ಇದೆ.

ಗಾಳಿಯ ತೇವವನ್ನೂ ಸಸಾರ ಮಾಡಬೇಡಿ. ಹತ್ತಿ ಲೈನಿಂಗಿಗೆ ಬೂಷ್ಟು ಹಿಡಿಯುತ್ತದೆ. ಕಬ್ಬಿಣದ ಹುಕ್ಕು ತುಕ್ಕು ಬಿಟ್ಟು, ಮಡಚಿಟ್ಟ ರೇಷ್ಮೆಯ ಮೇಲೆ ಕಂದು ಚುಕ್ಕೆ ಮೂಡುತ್ತದೆ, ಅದು ಒಗೆದರೂ ಹೋಗುವುದಿಲ್ಲ. ಹಾಗಾಗಿ ಮಳೆಗಾಲದ ಕೆಲಸಕ್ಕೆ ಹಿತ್ತಾಳೆ ಹುಕ್ಕೇ ಹಾಕಿ. ಬಟ್ಟೆಯ ರ‍್ಯಾಕ್ ನೆಲದಿಂದ ಒಂದಡಿ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇರಲಿ. ಗಿರಾಕಿಯ ಬಟ್ಟೆ ಇಡುವ ಬೀರುವಿನ ತಳದಲ್ಲಿ 40 ವ್ಯಾಟಿನ ಹಳೇ ಥರದ ಬಲ್ಬ್ ಉರಿಸಿ, ಬಟ್ಟೆ ತಾಗದ ಹಾಗೆ ಸುತ್ತ ತಂತಿಬಲೆ ಕಟ್ಟಿ. ಎಲ್ಇಡಿ ಬಲ್ಬಿಗೆ ಅಷ್ಟು ಬಿಸಿ ಬರುವುದಿಲ್ಲ. ಅಂಗಡಿ ತೆರೆದಿರುವ ಹತ್ತು ಗಂಟೆ ಉರಿಸಿದರೆ 25 ದಿನಕ್ಕೆ 10 ಯೂನಿಟ್ ಆಗುತ್ತದೆ, ಅಷ್ಟೇ. ಹೋಗುವಾಗ ಆರಿಸಿ.

ಗಾಳಿ-ಮಳೆಗೆ ಮರ ಬಿದ್ದರೆ ಎರಡೂ ಕಡೆ ಕರೆಂಟು ಹೋಗುತ್ತದೆ. ಮೋಟಾರ್ ಕೂರಿಸಿದರೂ ಪೆಡಲ್ ಸ್ಟ್ಯಾಂಡ್ ಮಾರಬೇಡಿ, ಬೆಲ್ಟ್ ಬದಲಿಸಿದರೆ ಕೆಲಸ ನಡೆಯುತ್ತದೆ. ಇದ್ದಲಿನ ಇಸ್ತ್ರಿಪೆಟ್ಟಿಗೆಯೂ ಒಂದಿರಲಿ.

ಕೈಯಲ್ಲಿ ಒಂದು ಲಕ್ಷ ಇದ್ದು, ಅದರಲ್ಲೇ ಮಿಷನ್, ಟೇಬಲ್, ಅಡ್ವಾನ್ಸ್ ಎಲ್ಲ ಆಗಬೇಕೆಂದರೆ ಬರೆಗೆ ತಾಗದ ಒಳರಸ್ತೆಯ ಕೋಣೆ ಹಿಡಿಯಿರಿ. ರೋಡಿನ ಮಟ್ಟಕ್ಕಿರಲಿ, ಒಂದು ಕಿಟಕಿಯಾದರೂ ಬಿಸಿಲಿಗೆ ತೆರೆಯಲಿ. ಅಂಥದ್ದಕ್ಕೆ 500 ರೂಪಾಯಿ ಹೆಚ್ಚು ಕೇಳಿದರೂ ಕೊಡಿ. ಲೆಕ್ಕದಲ್ಲಿ ಅದು ತಿಂಗಳಿಗೆ ಎರಡು ಬ್ಲೌಸ್.