ಗಾಡಿಗೆ ಅಂಗಡಿ ಹಂಚೋಕೆ ಲೈನ್, ಸೇವಿಂಗ್ಸ್, ಸ್ವೀಪ್: ನನ್ನ ಓಟು ಸ್ವೀಪ್‌ಗೆ

ಹುಬ್ಬಳ್ಳಿ ಹಳೇ ಬಸ್ ನಿಲ್ದಾಣದ ಹತ್ತಿರ ನಮ್ಮ ಗೋದಾಮು. ಬಿಸ್ಕಿಟ್, ಸಾಬೂನು, ಚಹಾಪುಡಿ ಸುತ್ತಲಿನ ಊರುಗಳಿಗೆ ಹೋಗಬೇಕು. ಯಾವ ಊರಿನ ಮಾಲು ಯಾವ ಗಾಡಿಗೆ ಅನ್ನೋದೇ ದಿನಾ ಬೆಳಗಿನ ಪ್ರಶ್ನೆ. ಇದಕ್ಕೆ ಅಂತ ವರ್ಷದ ಹಣ ಕಟ್ಟಿ ಒಂದು ಆಪ್ ತಗೊಂಡಿದ್ದೆವು. ದಿನಾ ಗುಂಪು ಬದಲಾಗುತ್ತಿತ್ತು, ಯಾಕೆ ಬದಲಾಯಿತು ಅಂತ ಯಾರಿಗೂ ಹೇಳೋಕೆ ಬರುತ್ತಿರಲಿಲ್ಲ. ಮತ್ತೆ ಹಣ ಕಟ್ಟಲಿಲ್ಲ. ಆಮೇಲೆ ಮೂರು ವಿಧಾನಗಳನ್ನು ನಾನೇ ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ. ಈಗ ನಡೆಯುತ್ತಿರುವುದು ಸ್ವೀಪ್.

ಸ್ವೀಪ್ ಅಂದರೆ ಗೋದಾಮನ್ನು ನಡುವೆ ಇಟ್ಟು, ನೇರ ಪೂರ್ವವನ್ನು ಸೊನ್ನೆ ಅಂತ ಹಿಡಿದು ಪ್ರತಿ ಊರು ಎಷ್ಟು ಡಿಗ್ರಿ ಕೋನದಲ್ಲಿದೆ ಅಂತ ಲೆಕ್ಕ ಹಾಕಿ, ಗಡಿಯಾರದ ಮುಳ್ಳಿನ ಹಾಗೆ, ಆದರೆ ಉಲ್ಟಾ ದಿಕ್ಕಿಗೆ, ಒಂದು ಗೆರೆ ತಿರುಗಿಸುತ್ತಾ ಹೋಗೋದು. ಗೆರೆಗೆ ಸಿಕ್ಕ ಊರನ್ನು ಗಾಡಿಗೆ ಹಾಕಬೇಕು. ಮುಂದಿನ ಊರಿನ ಮಾಲು ಹಿಡಿಸಲ್ಲ ಅಂದರೆ ಅಲ್ಲಿಂದ ಹೊಸ ಗಾಡಿ. ಎಲ್ಲ ಹಂಚಿದ ಮೇಲೆ ಒಂದೊಂದು ಗಾಡಿಯೊಳಗೆ ಯಾವ ಊರು ಮೊದಲು ಅಂತ ನೋಡೋದು. 1974ರಲ್ಲಿ ಗಿಲೆಟ್ ಮತ್ತು ಮಿಲ್ಲರ್ ಇದನ್ನು ಪ್ರಕಟಿಸಿದರು.

ಎಕ್ಸೆಲ್‌ನಲ್ಲಿ B ಕಾಲಂ ಅಕ್ಷಾಂಶ, C ಕಾಲಂ ರೇಖಾಂಶ, ಮೊದಲ ಸಾಲು ಗೋದಾಮು. ಎರಡನೇ ಸಾಲಿನಿಂದ ಇಷ್ಟೇ:

```
=MOD(DEGREES(ATAN2(C2-$C$1,B2-$B$1)),360)
```

ಎಕ್ಸೆಲ್‌ನಲ್ಲಿ ರೇಖಾಂಶದ ವ್ಯತ್ಯಾಸ ಮೊದಲು, ಪೈಥಾನ್‌ನಲ್ಲಿ ಅಕ್ಷಾಂಶದ್ದು ಮೊದಲು. ಸರಿ ಇದ್ದರೆ ಧಾರವಾಡ 140ರ ಹತ್ತಿರ ಬರಬೇಕು. 310 ಬಂತು ಅಂದರೆ ಅದಲುಬದಲಾಗಿದೆ ಅಂತ ಅರ್ಥ. ನಮ್ಮ ಭಾಗದಲ್ಲಿ ಒಂದು ಡಿಗ್ರಿ ರೇಖಾಂಶ ಒಂದು ಡಿಗ್ರಿ ಅಕ್ಷಾಂಶಕ್ಕಿಂತ ತುಸು ಗಿಡ್ಡ. ಅದರಿಂದ ಕೋನದಲ್ಲಿ ಒಂದು ಡಿಗ್ರಿಯಷ್ಟು ಫರಕು ಬಂದೀತು, ನಾನು ಅದನ್ನು ಲೆಕ್ಕಕ್ಕೆ ತಗೊಳ್ಳಲ್ಲ.

ಇನ್ನು ನಿಜವಾದ ತಲೆನೋವು. ಗೆರೆ ಎಲ್ಲಿಂದ ತಿರುಗಿಸೋಕೆ ಶುರು ಮಾಡಬೇಕು ಅನ್ನೋದು. ಸ್ವೀಪ್ ಬಗ್ಗೆ ಓದಿದವರು ಸುಮ್ನೆ ಸೊನ್ನೆ ಡಿಗ್ರಿಯಿಂದ, ಅಂದರೆ ನೇರ ಪೂರ್ವದಿಂದ ಶುರು ಮಾಡಿಬಿಡುತ್ತಾರೆ. ನಮ್ಮ ಕಡೆ ಅದು ಸರಿ ಹೋಗಲ್ಲ, ಯಾಕಂದರೆ ಪೂರ್ವಕ್ಕೇ ಗದಗ ಇದೆ.

ಒಂದು ದಿನದ ಆರ್ಡರ್ ತಗೊಳ್ಳೋಣ. ಗಾಡಿಗೆ 100 ಬಾಕ್ಸ್ ಹಿಡಿಸುತ್ತೆ. ಗದಗ ಸುಮಾರು 10 ಡಿಗ್ರಿಯಲ್ಲಿದೆ, 45 ಬಾಕ್ಸ್. ಅಣ್ಣಿಗೇರಿ 16ರಲ್ಲಿ, 20 ಬಾಕ್ಸ್. ನವಲಗುಂದ 45ರಲ್ಲಿ, ಅದಕ್ಕೂ 20. ಧಾರವಾಡ 140ರಲ್ಲಿ, 80. ಕಲಘಟಗಿ 226ರಲ್ಲಿ, 20. ಶಿಗ್ಗಾಂವಿ 282ರಲ್ಲಿ, 35. ಕುಂದಗೋಳ 317ರಲ್ಲಿ, 20. ಲಕ್ಷ್ಮೇಶ್ವರ 325ರಲ್ಲಿ, 40. ಕೊನೆಗೆ ಮುಳಗುಂದ 349ರಲ್ಲಿ, 15 ಬಾಕ್ಸ್. ಒಟ್ಟು 295. ಮೂರು ಗಾಡಿಗೆ ಸರಿಯಾಗಿ ಹಿಡಿಸಬೇಕಾದ ಮಾಲು, ಅಲ್ವಾ?

ಸೊನ್ನೆಯಿಂದ ಶುರು ಮಾಡಿ. ಗದಗ, ಅಣ್ಣಿಗೇರಿ, ನವಲಗುಂದ ಸೇರಿ 85 ಆಯಿತು, ಧಾರವಾಡ ಹಿಡಿಸಲ್ಲ. ಎರಡನೇ ಗಾಡಿಗೆ ಧಾರವಾಡ, ಕಲಘಟಗಿ, ಸರಿಯಾಗಿ 100. ಮೂರನೆಯದಕ್ಕೆ ಶಿಗ್ಗಾಂವಿ, ಕುಂದಗೋಳ, ಲಕ್ಷ್ಮೇಶ್ವರ ಸೇರಿ 95. ಮುಳಗುಂದದ 15 ಬಾಕ್ಸ್ ಹೊರಗೆ ಉಳಿಯಿತು. ಅದೊಂದಕ್ಕೇ ನಾಲ್ಕನೇ ಗಾಡಿ ಹೊರಡಬೇಕು! ಗದಗದ ಗಾಡಿಯಲ್ಲಿ ಸರಿಯಾಗಿ 15 ಬಾಕ್ಸಿನ ಜಾಗ ಖಾಲಿ ಇದೆ, ಮುಳಗುಂದ ಗದಗದಿಂದ ದೂರವೂ ಇಲ್ಲ. ಆದರೆ ಒಂದು 10 ಡಿಗ್ರಿ, ಇನ್ನೊಂದು 349. ಪಟ್ಟಿಯಲ್ಲಿ ಒಂದು ತಲೆಗೆ, ಒಂದು ಬಾಲಕ್ಕೆ.

ಈಗ ಅದೇ ಆರ್ಡರ್, ಮುಳಗುಂದದಿಂದ ಶುರು. ಮುಳಗುಂದ, ಗದಗ, ಅಣ್ಣಿಗೇರಿ, ನವಲಗುಂದ ಸೇರಿ ಸರಿಯಾಗಿ 100. ಧಾರವಾಡ, ಕಲಘಟಗಿ 100. ಉಳಿದ ಮೂರು 95. ಮೂರೇ ಗಾಡಿ. ನಾಲ್ಕನೇ ಗಾಡಿಯ ಡೀಸೆಲ್, ಡ್ರೈವರ್ ಭತ್ಯೆ, ಹಮಾಲಿ ಎಲ್ಲ ಉಳಿಯಿತು.

ಒಂಬತ್ತೂ ಊರುಗಳಿಂದ ಶುರು ಮಾಡಿ ನೋಡಿದೆ. ಮುಳಗುಂದ, ಧಾರವಾಡ, ಶಿಗ್ಗಾಂವಿ ಈ ಮೂರರಿಂದ ಶುರು ಮಾಡಿದಾಗ ಮಾತ್ರ ಮೂರು ಗಾಡಿ, ಉಳಿದ ಆರರಿಂದಲೂ ನಾಲ್ಕು. ಹಾಗಾಗಿ ಎಲ್ಲ ಕಡೆಯಿಂದಲೂ ನೋಡೋದು ವಿಧಾನದ ಭಾಗವೇ. ಇದಕ್ಕೊಂದು ಸುಲಭ ದಾರಿ ಇದೆ: ಕೋನದ ಪ್ರಕಾರ ಜೋಡಿಸಿದ ಪಟ್ಟಿಯನ್ನು ನಕಲು ಮಾಡಿ ಅದರ ಕೆಳಗೇ ಅಂಟಿಸಿ, ಕೆಳಗಿನ ಕೋನಗಳಿಗೆಲ್ಲ 360 ಕೂಡಿಸಿ. ಆಗ ಯಾವ ಸಾಲಿನಿಂದ ಶುರು ಮಾಡಿದರೂ ಕೆಳಗೆ ಒಂಬತ್ತು ಸಾಲು ಎಣಿಸಿದರೆ ಒಂದು ಸುತ್ತು ಮುಗಿಯುತ್ತೆ, ಸೊನ್ನೆಯ ಗಡಿ ಅಡ್ಡ ಬರಲ್ಲ. ಒಟ್ಟು ಮಾಲನ್ನು ಒಂದು ಗಾಡಿಗೆ ಹಿಡಿಸುವ ಮಾಲಿನಿಂದ ಭಾಗಿಸಿ, ಮುಂದಿನ ಪೂರ್ಣ ಸಂಖ್ಯೆಗೆ ಏರಿಸಿ ಮೊದಲೇ ಬರೆದಿಟ್ಟುಕೊಳ್ಳಿ. ಅದಕ್ಕಿಂತ ಒಂದು ಗಾಡಿ ಜಾಸ್ತಿ ಬಂದು, ಯಾವುದೋ ಒಂದು ಗಾಡಿ ಅರ್ಧಕ್ಕಿಂತ ಹೆಚ್ಚು ಖಾಲಿ ಹೋಗುತ್ತಿದ್ದರೆ ಮೊದಲು ಶುರುವಿನ ಕೋನವನ್ನೇ ಬದಲಾಯಿಸಿ ನೋಡಿ.

ಇನ್ನು ಎದುರಾಳಿಗಳು. ನಮ್ಮಲ್ಲಿ ಮೊದಲಿನಿಂದ ಇದ್ದದ್ದು ಲೈನ್ ಪದ್ಧತಿ: ಗದಗ ಲೈನ್, ಲಕ್ಷ್ಮೇಶ್ವರ ಲೈನ್, ಧಾರವಾಡ ಲೈನ್, ಕಲಘಟಗಿ ಲೈನ್. ಡ್ರೈವರಿಗೆ ಅಂಗಡಿಯವರ ಪರಿಚಯ ಇರುತ್ತೆ, ಬಾಕಿ ವಸೂಲಿ ಸಲೀಸು. ಆದರೆ ಒಂದು ಲೈನ್ ತುಂಬಿ ಹೊರಚೆಲ್ಲುವ ದಿನವೇ ಪಕ್ಕದ ಲೈನ್ ಅರ್ಧ ಖಾಲಿ ಹೋಗುತ್ತೆ.

ಸೇವಿಂಗ್ಸ್ ವಿಧಾನ 1964ರದು, ಕ್ಲಾರ್ಕ್ ಮತ್ತು ರೈಟ್ ಅವರದು. ಎರಡು ಊರಿಗೆ ಬೇರೆ ಬೇರೆ ಹೋಗಿ ಬರೋ ಬದಲು ಒಂದೇ ಸುತ್ತಿನಲ್ಲಿ ಹೋದರೆ ಎಷ್ಟು ಕಿಲೋಮೀಟರ್ ಉಳಿಯುತ್ತೆ ಅಂತ ನೋಡಿ, ಜಾಸ್ತಿ ಉಳಿಸೋ ಜೋಡಿಯನ್ನು ಮೊದಲು ಸೇರಿಸುತ್ತಾ ಹೋಗೋದು. ರಸ್ತೆಯ ನಿಜವಾದ ದೂರ ನೋಡುತ್ತೆ ಅನ್ನೋದು ಇದರ ಬಲ. ಇದೇ ಆರ್ಡರಿಗೆ ಹಾಕಿದಾಗ ಗದಗ, ಮುಳಗುಂದ, ಲಕ್ಷ್ಮೇಶ್ವರವನ್ನು ಮೊದಲೇ ಸೇರಿಸಿ 100 ತುಂಬಿಸಿತು. ನೋಡೋಕೆ ಚೆಂದದ ಸುತ್ತು. ಆಮೇಲೆ ಕಲಘಟಗಿಯನ್ನು ಶಿಗ್ಗಾಂವಿ, ಕುಂದಗೋಳದ ಜೊತೆ ಹಾಕಿತು. ಧಾರವಾಡ ಒಂಟಿಯಾಗಿ 80, ಅಣ್ಣಿಗೇರಿ ಮತ್ತು ನವಲಗುಂದ 40. ಮತ್ತೆ ನಾಲ್ಕು ಗಾಡಿ. ಜೊತೆಗೆ ಪ್ರತಿ ಜೋಡಿ ಊರಿನ ದೂರ ಬೇಕು. ಒಂಬತ್ತು ಊರು, ಒಂದು ಗೋದಾಮು ಅಂದರೆ 45 ದೂರಗಳು. ಅಂಗಡಿ ನೂರಾದರೆ 5050. ಸ್ವೀಪ್‌ಗೆ ಒಂದೊಂದು ಅಂಗಡಿಯ ಜಾಗ ಗೊತ್ತಿದ್ದರೆ ಸಾಕು.

ಸ್ವೀಪ್ ಎಲ್ಲಿ ಸೋಲುತ್ತೆ ಅಂತಲೂ ಹೇಳಬೇಕು. ಅದಕ್ಕೆ ದಿಕ್ಕು ಗೊತ್ತು, ದೂರ ಗೊತ್ತಿಲ್ಲ. ಉಣಕಲ್, ನವನಗರ, ಧಾರವಾಡ ಎಲ್ಲ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಬರುತ್ತವೆ. ಇಡೀ ಧಾರವಾಡ ಪೇಟೆ ಹುಬ್ಬಳ್ಳಿಯಿಂದ ನೋಡಿದರೆ ಸಣ್ಣ ಕೋನದೊಳಗೆ ಮುಗಿದುಹೋಗುತ್ತೆ. ಧಾರವಾಡದ್ದೇ 150 ಬಾಕ್ಸ್ ಇದ್ದ ದಿನ ಗೆರೆ ಊರನ್ನು ಉದ್ದಕ್ಕೆ ಸೀಳುತ್ತೆ. ಆಗ ಎರಡೂ ಗಾಡಿ ಉಣಕಲ್‌ನಲ್ಲೂ ನಿಂತು, ಧಾರವಾಡದ ಈ ತುದಿಯಿಂದ ಆ ತುದಿವರೆಗೂ ಓಡಾಡಬೇಕು. ಅಂಥ ದಿನ ನಾನು ಉಣಕಲ್, ನವನಗರದ ಅಂಗಡಿಗಳನ್ನು ತೆಗೆದು ಹುಬ್ಬಳ್ಳಿ ಒಳಗಿನ ಗಾಡಿಗೆ ಕೊಡುತ್ತೇನೆ. ಧಾರವಾಡವನ್ನು ಅಲ್ಲಿನ ಬಸ್ ನಿಲ್ದಾಣವನ್ನೇ ನಡುವೆ ಇಟ್ಟು ಬೇರೆಯಾಗಿ ಸ್ವೀಪ್ ಮಾಡುತ್ತೇನೆ.

ಕೋನದ ಕ್ರಮವೇ ಹೋಗುವ ಕ್ರಮ ಅಲ್ಲ, ಇದನ್ನು ಮರೆಯಬೇಡಿ. ಮೂರನೇ ಗಾಡಿಯಲ್ಲಿ ಕೋನದ ಪ್ರಕಾರ ಶಿಗ್ಗಾಂವಿ, ಕುಂದಗೋಳ, ಲಕ್ಷ್ಮೇಶ್ವರ. ಹೋಗೋದು ಕುಂದಗೋಳ, ಅಲ್ಲಿಂದ ಲಕ್ಷ್ಮೇಶ್ವರ, ಆಮೇಲೆ ಶಿಗ್ಗಾಂವಿ, ವಾಪಸ್ ಹೆದ್ದಾರಿ ಹಿಡಿದು. ಮೂರ್ನಾಲ್ಕು ಊರಿಗೆ ಇದನ್ನು ಡ್ರೈವರೇ ಹೇಳುತ್ತಾರೆ.

ನಿಮ್ಮಲ್ಲಿ ಗಾಡಿ ಸಾಕಷ್ಟಿದ್ದು ಡೀಸೆಲ್ ಮಾತ್ರ ಚಿಂತೆ ಆದರೆ ಸೇವಿಂಗ್ಸ್ ಹಾಕಿ ನೋಡಿ. ನಮ್ಮಲ್ಲಿ ಸ್ವಂತ ಗಾಡಿ ಮೂರೇ, ನಾಲ್ಕನೆಯದು ಬಾಡಿಗೆಗೆ ತರಬೇಕು. ಬೆಳಿಗ್ಗೆ ಲೋಡಿಂಗ್ ಶುರುವಾಗೋ ಮೊದಲು ಪಟ್ಟಿ ಕೈಯಲ್ಲಿರಬೇಕು, ಅದನ್ನು ಮಾಡೋದು ನಾನೊಬ್ಬನೇ. ಈ ಲೆಕ್ಕಕ್ಕೆ ಸ್ವೀಪ್ ಸಾಕು.