ವಿಟಮಿನ್ ಡಿ: ಬಿಸಿಲು, ಊಟ, ಮಾತ್ರೆ, ಮೂರರಲ್ಲಿ ಯಾವುದು ಕೈಹಿಡಿಯುತ್ತದೆ?

ಕಚೇರಿಯಲ್ಲೇ ದಿನ ಕಳೆಯುವವರೊಬ್ಬರ ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 12 ನ್ಯಾನೋಗ್ರಾಂ ಬಂದಿದೆ ಎಂದಿಟ್ಟುಕೊಳ್ಳಿ. 20ಕ್ಕಿಂತ ಕಡಿಮೆ ಎಂದರೆ ಕೊರತೆಯೇ. ಅದನ್ನು 30ಕ್ಕೆ ತರಬೇಕು. ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನವಾದ ಐಯು ಲೆಕ್ಕದಲ್ಲಿ ದಿನಕ್ಕೆ 100 ಐಯು ಹೆಚ್ಚುವರಿಯಾಗಿ ಸೇರಿದರೆ ಎರಡು ಮೂರು ತಿಂಗಳಲ್ಲಿ ಮಟ್ಟ ಸುಮಾರು 1 ನ್ಯಾನೋಗ್ರಾಂ ಏರುತ್ತದೆ ಎಂಬುದು ಸ್ಥೂಲ ಲೆಕ್ಕ. ಹಾಗಾದರೆ ಇವರಿಗೆ ದಿನಕ್ಕೆ ಸುಮಾರು 1,800 ಐಯು ಬೇಕು.

ಮೊದಲು ಊಟ. ಒಂದು ಮೊಟ್ಟೆಯ ಹಳದಿಯಲ್ಲಿ ಸಿಗುವುದು ಸುಮಾರು 40 ಐಯು, ವಿಟಮಿನ್ ಸೇರಿಸಿದ ಹಾಲು ಒಂದು ಲೋಟ ಕುಡಿದರೆ ಸುಮಾರು 100. ಅಂದರೆ ದಿನಕ್ಕೆ 45 ಮೊಟ್ಟೆ, ಇಲ್ಲವೇ 18 ಲೋಟ ಹಾಲು! ಕೊಬ್ಬಿನ ಮೀನು ತಿನ್ನುವವರಿಗೆ ಪರವಾಗಿಲ್ಲ, ಆದರೆ ಅದೂ ದಿನವೂ ಬೇಕಾಗುತ್ತದೆ. ಏರಿದ ಮಟ್ಟ ಕುಸಿಯದಂತೆ ನೋಡಿಕೊಳ್ಳಲು ಊಟ ನೆರವಾಗುತ್ತದೆ, ಕೊರತೆ ತುಂಬಿಸಲು ಸಾಲದು.

ಬಿಸಿಲಿನ ವಿಚಾರದಲ್ಲಿ ಮೋಸಹೋಗುವುದು ಸುಲಭ. ಕಿಟಕಿಯ ಪಕ್ಕ ಕೂತರೆ ಮೈ ಬೆಚ್ಚಗಾಗುತ್ತದೆ, ಆದರೆ ಚರ್ಮದಲ್ಲಿ ವಿಟಮಿನ್ ತಯಾರಿಸುವ ಯುವಿಬಿ ಕಿರಣವನ್ನು ಗಾಜು ತಡೆದುಬಿಡುತ್ತದೆ. ಬೆಳಗ್ಗೆ ಕೆಲಸಕ್ಕೆ ಹೋಗುವಾಗ, ಸಂಜೆ ಮರಳುವಾಗ ಬೀಳುವ ಓರೆ ಬಿಸಿಲಿನಲ್ಲೂ ಆ ಕಿರಣ ತೀರಾ ಕಡಿಮೆ. ಇದನ್ನು ತಿಳಿಯಲು ನಿಮ್ಮ ನೆರಳನ್ನೇ ನೋಡಿ. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಆ ಹೊತ್ತು ಉಪಯೋಗಕ್ಕೆ ಬರುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ ತೋಳು, ಕಾಲು ಬಿಸಿಲಿಗೆ ತೆರೆದು ಸ್ವಲ್ಪ ಹೊತ್ತು ಇದ್ದು, ಚರ್ಮ ಕೆಂಪಾಗುವ ಬಹಳ ಮುಂಚೆಯೇ ನೆರಳಿಗೆ ಬಂದುಬಿಡಿ. ಕಪ್ಪು ಚರ್ಮದವರಿಗೆ ಹೆಚ್ಚು ಹೊತ್ತು ಬೇಕು. ಇನ್ನೂ ಕೂತಿದ್ದರೆ ಲಾಭವಿಲ್ಲ: ಹೆಚ್ಚಾದದ್ದನ್ನು ಬಿಸಿಲೇ ಒಡೆದುಹಾಕುತ್ತದೆ, ಉಳಿಯುವುದು ಸುಟ್ಟ ಚರ್ಮ. ಎಷ್ಟು ಐಯು ಸಿಕ್ಕಿತೆಂದು ಅಳೆಯಲೂ ಆಗದು. ಹಾಗಾಗಿ 12ರಲ್ಲಿರುವವರು ಬಿಸಿಲನ್ನೇ ನೆಚ್ಚಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

ಇಲ್ಲಿ ಗೆಲ್ಲುವುದು ಮಾತ್ರೆಯೇ. ವೈದ್ಯರ ಒಪ್ಪಿಗೆ ಪಡೆದು ಡಿ3 ದಿನಕ್ಕೆ 2,000 ಐಯು, ದಿನದ ದೊಡ್ಡ ಊಟದ ಜೊತೆ. ಇದು ಕೊಬ್ಬಿನಲ್ಲಿ ಕರಗುವ ವಿಟಮಿನ್, ಬರೀ ಕಾಫಿಯೊಂದಿಗೆ ನುಂಗಿದರೆ ಹೀರಿಕೆ ಕಡಿಮೆ. ಡಬ್ಬಿಯ ಮೇಲೆ 50 ಮೈಕ್ರೋಗ್ರಾಂ ಎಂದಿದ್ದರೆ ಅದೂ 2,000 ಐಯುವೇ. ನಿಜವಾದ ಅಪಾಯವಿರುವುದು ವಾರಕ್ಕೊಂದು ಎಂದು ಬರೆದುಕೊಟ್ಟ 50,000 ಐಯು ಮಾತ್ರೆಯನ್ನು ದಿನವೂ ನುಂಗುವುದರಲ್ಲಿ. ವಾರಗಟ್ಟಲೆ ಹಾಗಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಿಪರೀತ ಬಾಯಾರಿಕೆ, ವಾಂತಿ, ಮಲಬದ್ಧತೆ ಶುರುವಾಗಬಹುದು. ಕಿಡ್ನಿಯಲ್ಲಿ ಕಲ್ಲು ಇದ್ದವರು ತಾವಾಗಿಯೇ ಶುರುಮಾಡಬಾರದು.

ಮೂರು ತಿಂಗಳಿಗೆ ಅದೇ ಲ್ಯಾಬಿನಲ್ಲಿ ಮತ್ತೆ ಪರೀಕ್ಷಿಸಿ. ಅದಕ್ಕೂ ಮುಂಚೆ ಮಟ್ಟ ಇನ್ನೂ ನೆಲೆ ನಿಂತಿರುವುದಿಲ್ಲ. ಆಗಲೂ 15ರ ಆಸುಪಾಸಿನಲ್ಲೇ ಇದ್ದರೆ ಮೊದಲು ಡಬ್ಬಿಯಲ್ಲಿ ಉಳಿದ ಮಾತ್ರೆ ಎಣಿಸಿ. ಲೆಕ್ಕ ಸರಿಯಿದ್ದರೆ ಕರುಳು ಕೊಬ್ಬನ್ನು ಸರಿಯಾಗಿ ಹೀರುತ್ತಿದೆಯೇ ಎಂದು ವೈದ್ಯರು ನೋಡಬೇಕಾಗುತ್ತದೆ.