ಲೇಸರ್ ಪ್ರಿಂಟರಿಗೆ 2 ಕೆವಿಎ ಸ್ಟೆಬಿಲೈಜರ್: ನಾಲ್ಕು ವರ್ಷ ಬಳಸಿದ ಮೇಲೆ

ಚಿತ್ರದುರ್ಗ ಜಿಲ್ಲೆಯ ಒಂದು ತಾಲೂಕು ಊರಿನಲ್ಲಿ ನನ್ನದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಪಹಣಿ, ಅರ್ಜಿ, ಮಕ್ಕಳ ಹಾಲ್ ಟಿಕೆಟ್, ಇದೇ ದಿನದ ಕೆಲಸ. ಎರಡು ಪ್ರಿಂಟರ್ ಇವೆ. ಒಂದು ಕಪ್ಪು ಬಿಳುಪು ಲೇಸರ್, ಇನ್ನೊಂದು ಇಂಕ್ ಟ್ಯಾಂಕ್ ಕಲರ್ ಪ್ರಿಂಟರ್. ಲೇಸರಿಗೆ ನಾಲ್ಕು ವರ್ಷದಿಂದ 2 ಕೆವಿಎ ರಿಲೇ ಸ್ಟೆಬಿಲೈಜರ್ ಹಾಕಿದ್ದೇನೆ. ಅದರ ಬಗ್ಗೆಯೇ ಬರೆಯುತ್ತಿದ್ದೇನೆ. ಕಂಪನಿ ಯಾವುದು ಅನ್ನೋದಕ್ಕಿಂತ ಎಷ್ಟು ಕೆವಿಎ, ಎಲ್ಲಿಗೆ ಜೋಡಿಸಬೇಕು ಅನ್ನೋದು ಇಲ್ಲಿ ಮುಖ್ಯ.

ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ, ಯಾಕೆಂದರೆ ತುಂಬಾ ಜನ ಇದನ್ನೇ ಮಾಡುತ್ತಾರೆ. ಕಂಪ್ಯೂಟರಿಗೆ 600 ವಿಎ ಯುಪಿಎಸ್ ಇತ್ತು. ಅದರ ಹಿಂದೆ ಒಂದು ಸಾಕೆಟ್ ಖಾಲಿ ಇತ್ತು. ಲೇಸರ್ ಪ್ರಿಂಟರನ್ನು ಅಲ್ಲಿಗೇ ಚುಚ್ಚಿದೆ. ಕರೆಂಟ್ ಇರುವಾಗ ಹೇಗೋ ನಡೆಯಿತು. ಒಂದು ದಿನ ಪ್ರಿಂಟ್ ಕೊಟ್ಟ ಕ್ಷಣದಲ್ಲೇ ಕರೆಂಟ್ ಹೋಯಿತು. ಯುಪಿಎಸ್ ಒಂದೇ ಸಮನೆ ಕೂಗಿ ಆಫ್ ಆಯಿತು. ಪ್ರಿಂಟರ್ ಜೊತೆಗೆ ಕಂಪ್ಯೂಟರೂ ಹೋಯಿತು. ಅರ್ಧ ಟೈಪ್ ಮಾಡಿದ್ದ ಕ್ರಯಪತ್ರವೂ ಹೋಯಿತು.

ಕಾರಣ ಸರಳ. ಲೇಸರ್ ಪ್ರಿಂಟರ್ ಒಳಗೆ ಟೋನರ್ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಫ್ಯೂಸರ್ ಅನ್ನೋ ಭಾಗ ಇದೆ. ಅದು ಇಸ್ತ್ರಿ ಪೆಟ್ಟಿಗೆ ಇದ್ದ ಹಾಗೆ. ಬಿಸಿಯಾಗುವಾಗ ಕೆಲವು ಸೆಕೆಂಡ್ 800, 900 ವ್ಯಾಟ್ ಎಳೆಯುತ್ತದೆ, ಆಮೇಲೆ ಬಿಡುತ್ತದೆ, ಮತ್ತೆ ಎಳೆಯುತ್ತದೆ. 600 ವಿಎ ಅಂತ ಬರೆದ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ ಕೊಡಬಲ್ಲದು. ಪ್ರಿಂಟರ್ ಕಂಪನಿಗಳೂ ಯುಪಿಎಸ್ ಕಂಪನಿಗಳೂ ಇದನ್ನು ಮಾಡಬೇಡಿ ಅಂತ ತಮ್ಮ ಪುಸ್ತಕದಲ್ಲಿ ಬರೆದಿರುತ್ತವೆ. ನಾನು ಓದಿರಲಿಲ್ಲ. ಇನ್ನೊಂದು ತೊಂದರೆಯೂ ಇದೆ. ಚಿಕ್ಕ ಯುಪಿಎಸ್‌ಗಳೂ ಹಳೆ ಮಾದರಿಯ ಮನೆ ಇನ್ವರ್ಟರ್‌ಗಳೂ ಬ್ಯಾಟರಿಯಿಂದ ಕೊಡುವ ಕರೆಂಟಿನ ಅಲೆ ಚೌಕ ಚೌಕವಾಗಿರುತ್ತದೆ. ಫ್ಯೂಸರ್ ಬಿಸಿಯನ್ನು ಹಿಡಿತದಲ್ಲಿಡುವ ಸರ್ಕ್ಯೂಟ್ ಆ ಅಲೆಯನ್ನು ನೋಡಿಕೊಂಡೇ ಕೆಲಸ ಮಾಡುವಂಥದ್ದು. ಅದಕ್ಕೆ ಲೆಕ್ಕ ತಪ್ಪುತ್ತದೆ.

ಹಾಗಂತ ಪ್ರಿಂಟರನ್ನು ನೇರ ಗೋಡೆಯ ಸಾಕೆಟ್‌ಗೆ ಹಾಕಿದೆ. ಆಗ ಬೇರೆ ಸಮಸ್ಯೆ ಶುರುವಾಯಿತು. ಬೇಸಿಗೆಯ ಒಂದು ಸಂಜೆ ಏಳು ಗಂಟೆಗೆ ಒಬ್ಬ ಅಜ್ಜ ಪಹಣಿ ತೆಗೆಸಿಕೊಂಡರು. ಹೆಬ್ಬೆರಳಿನಿಂದ ಸರ್ವೆ ನಂಬರ್ ಮೇಲೆ ಸವರಿ, "ಇದೇನಪ್ಪಾ, ಅಕ್ಷರ ಕೈಗೇ ಬರ್ತವೆ" ಅಂದರು. ನಿಜ. ಬೆರಳಿಗೆ ಕಪ್ಪು ಪುಡಿ ಮೆತ್ತಿತ್ತು, ಕಾಗದದ ಮೇಲೆ ನಂಬರ್ ಮಾಸಿತ್ತು. ಟೋನರ್ ಡೂಪ್ಲಿಕೇಟ್ ಇರಬೇಕು ಅಂತ ಮೊದಲು ಅಂದುಕೊಂಡೆ. ಆದರೆ ಬೆಳಿಗ್ಗೆ ಅದೇ ಟೋನರಿನಲ್ಲಿ ತೆಗೆದ ಪ್ರಿಂಟ್ ಉಜ್ಜಿದರೂ ಹೋಗುತ್ತಿರಲಿಲ್ಲ.

ಮಲ್ಟಿಮೀಟರ್ ತಂದು ಸಂಜೆ ಸಾಕೆಟ್ ನೋಡಿದೆ. 172 ವೋಲ್ಟ್. ಇರಬೇಕಾದ್ದು 230. ಕಾಲು ಭಾಗ ಕಮ್ಮಿ ತಾನೇ ಅನ್ನಿಸಬಹುದು. ಆದರೆ ಹೀಟರಿನ ವಿಷಯದಲ್ಲಿ ಲೆಕ್ಕ ಹಾಗಲ್ಲ. ವೋಲ್ಟೇಜ್ ಮುಕ್ಕಾಲು ಆದರೆ ಕಾವು ಮುಕ್ಕಾಲರ ಮುಕ್ಕಾಲು ಆಗುತ್ತದೆ. 172 ವೋಲ್ಟಿಗೆ ಫ್ಯೂಸರಿಗೆ ಸಿಗುವುದು ಹೆಚ್ಚು ಕಮ್ಮಿ 56 ಪರ್ಸೆಂಟ್ ಶಕ್ತಿ. ಪ್ರಿಂಟರ್ ಹೀಟರನ್ನು ಜಾಸ್ತಿ ಹೊತ್ತು ಆನ್ ಇಟ್ಟು ಸರಿದೂಗಿಸಲು ನೋಡುತ್ತದೆ. ಒಂದೆರಡು ಹಾಳೆಗೆ ಸಾಲುತ್ತದೆ. ಇಪ್ಪತ್ತು ಹಾಳೆ ಒಟ್ಟಿಗೆ ಕೊಟ್ಟರೆ ಕೊನೆಯವು ಮಾಸುತ್ತವೆ, ಇಲ್ಲವೇ ಫ್ಯೂಸರ್ ಎರರ್ ಅಂತ ನಿಲ್ಲುತ್ತದೆ. ನಿಮ್ಮ ಪ್ರಿಂಟ್ ಸಂಜೆ ಮಾತ್ರ ಕೈಗೆ ಬರುತ್ತಿದ್ದರೆ ಟೋನರ್ ಬದಲಿಸುವ ಮುಂಚೆ ವೋಲ್ಟೇಜ್ ನೋಡಿ.

ಸ್ಟೆಬಿಲೈಜರ್ ತರಲು ಹೊರಟಿದ್ದೆ. ಪರಿಚಯದ ಎಲೆಕ್ಟ್ರಿಷಿಯನ್ ಅಣ್ಣ ತಡೆದರು. "ಸ್ವಲ್ಪ ತಡಿ, ಮೊದ್ಲು ಕಡಿಮೆ ಆಗ್ತಿರೋದು ಎಲ್ಲಿ ಅಂತ ನೋಡೋಣ" ಅಂದರು. ಆ ಮಾತಿಗೆ ನಾನು ಇವತ್ತಿಗೂ ಋಣಿ. ಮಧ್ಯಾಹ್ನ ಲೋಡ್ ಕಮ್ಮಿ ಇರುವಾಗ ಎರಡು ಕಡೆ ಅಳೆದೆವು. ಪ್ರಿಂಟರ್ ಸುಮ್ನೆ ಇದ್ದಾಗ ಮೀಟರ್ ಬೋರ್ಡ್ ಹತ್ತಿರ 210, ಸಾಕೆಟ್‌ನಲ್ಲಿ 208. ಪ್ರಿಂಟ್ ಕೊಟ್ಟು ಫ್ಯೂಸರ್ ಎಳೆಯುವಾಗ ಮೀಟರ್ ಬೋರ್ಡ್‌ನಲ್ಲಿ 206, ಸಾಕೆಟ್‌ನಲ್ಲಿ 187! ಪ್ರತಿ ಸಲ ಪ್ರಿಂಟ್ ಕೊಟ್ಟಾಗ ಟ್ಯೂಬ್‌ಲೈಟ್ ಯಾಕೆ ಮಿಣುಕುತ್ತಿತ್ತು ಅಂತ ಆಗ ಗೊತ್ತಾಯಿತು. ಬೋರ್ಡಿನಿಂದ ಸಾಕೆಟ್‌ಗೆ ಬರುವಷ್ಟರಲ್ಲಿ 19 ವೋಲ್ಟ್ ಕಳೆದುಹೋಗುತ್ತಿತ್ತು. ಮೂರು ಆಂಪಿಯರ್ ಹರಿಯುವಾಗ ಅಷ್ಟು ಕಳೆದರೆ 50, 60 ವ್ಯಾಟ್ ಕಾವು ಗೋಡೆಯೊಳಗೆ ಎಲ್ಲೋ ಕೂತಿದೆ ಅಂತ ಅರ್ಥ.

ಸ್ವಿಚ್‌ಬೋರ್ಡ್ ಬಿಚ್ಚಿದರೆ ನ್ಯೂಟ್ರಲ್ ವೈರಿನ ಸ್ಕ್ರೂ ಸಡಿಲವಾಗಿತ್ತು. ವೈರಿನ ಪ್ಲಾಸ್ಟಿಕ್ ಒಂದಿಂಚು ಕಂದು ಬಣ್ಣಕ್ಕೆ ತಿರುಗಿ ಮುಟ್ಟಿದರೆ ಪುಡಿಯಾಗುತ್ತಿತ್ತು. ಸ್ಟೆಬಿಲೈಜರ್ ತಂದು ಅದೇ ಸಾಕೆಟ್‌ಗೆ ಹಾಕಿದ್ದರೆ ಏನಾಗುತ್ತಿತ್ತು ಯೋಚಿಸಿ. ಕಮ್ಮಿ ವೋಲ್ಟೇಜನ್ನು ಏರಿಸಿ ಕೊಡಲು ಸ್ಟೆಬಿಲೈಜರ್ ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತದೆ. ಆ ಜಾಯಿಂಟ್ ಇನ್ನೂ ಕಾಯುತ್ತಿತ್ತು, ಪ್ರಿಂಟ್ ಮಾತ್ರ ಚೆನ್ನಾಗಿ ಬರುತ್ತಿತ್ತು. ನನಗೆ ಗೊತ್ತೇ ಆಗುತ್ತಿರಲಿಲ್ಲ. ಸುಟ್ಟ ಭಾಗ ಕತ್ತರಿಸಿ ಹೊಸ ಸಾಕೆಟ್ ಹಾಕಿದ ಮೇಲೆ, ಪ್ರಿಂಟ್ ಮಾಡುವಾಗಲೂ ಮಧ್ಯಾಹ್ನ 203 ನಿಂತಿತು.

ಸಂಜೆ ಮಾತ್ರ ಮೀಟರ್ ಹತ್ತಿರವೇ 175 ಆಸುಪಾಸು. ನಮ್ಮ ಸಾಲು ಟಿಸಿಯಿಂದ ದೂರ, ಮಧ್ಯೆ ಹಿಟ್ಟಿನ ಗಿರಣಿ ಬೇರೆ. ಇದು ನಾನು ಸರಿಮಾಡುವಂಥದ್ದಲ್ಲ. ಆದ್ದರಿಂದ ಸ್ಟೆಬಿಲೈಜರ್ ಬಂತು.

ಅಂಗಡಿಯವನು ಟಿವಿಗೆ ಹಾಕುವ ಚಿಕ್ಕದನ್ನು ತೋರಿಸಿದ. ಅದು ಬೇಡ. 900 ವ್ಯಾಟ್ ಎಳೆಯುವ ಪ್ರಿಂಟರಿಗೆ 1 ಕೆವಿಎ ಕಾಗದದ ಲೆಕ್ಕದಲ್ಲಿ ಸಾಲುತ್ತದೆ. ಆದರೆ ಒಳಗೆ ಬರುವ ವೋಲ್ಟೇಜ್ ಕಮ್ಮಿಯಾದಷ್ಟೂ ಸ್ಟೆಬಿಲೈಜರಿನ ತಾಕತ್ತೂ ಕಮ್ಮಿಯಾಗುತ್ತದೆ. ಅದಕ್ಕೇ 2 ಕೆವಿಎ ತೆಗೆದುಕೊಂಡೆ. 140 ರಿಂದ 280 ವೋಲ್ಟ್‌ವರೆಗೆ ಕೆಲಸ ಮಾಡುತ್ತದೆ. ಅದರ ಮೇಲೆ ಹೋದರೆ ತಾನೇ ಕಟ್ ಆಗುತ್ತದೆ. ಇನ್ನೊಂದು ವಿಷಯ: 150 ವೋಲ್ಟ್ ಇರುವಾಗ 900 ವ್ಯಾಟ್ ಕೊಡಬೇಕಾದರೆ ಗೋಡೆಯಿಂದ 6 ಆಂಪಿಯರಿಗಿಂತ ಜಾಸ್ತಿ ಎಳೆಯಬೇಕು. ಹಾಗಾಗಿ ಚಿಕ್ಕ ಸಾಕೆಟ್ ಸಾಲದು, ಗ್ರೈಂಡರ್, ಗೀಸರ್‌ಗೆ ಹಾಕುವ ದೊಡ್ಡ ಸಾಕೆಟ್ಟೇ ಬೇಕು.

ನಾಲ್ಕು ವರ್ಷದ ಅನುಭವ ಹೇಳಬೇಕೆಂದರೆ, ಕೆಲಸದಲ್ಲಿ ಮೋಸ ಇಲ್ಲ. ಔಟ್‌ಪುಟ್ 215 ರಿಂದ 238ರ ಒಳಗೇ ಓಡಾಡುತ್ತದೆ. ರಿಲೇ ಮಾದರಿ ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಇಳಿಯುತ್ತದೆ. ಪ್ರಿಂಟರಿಗೆ ಅಷ್ಟು ಸಾಕು. ಪ್ರಿಂಟ್ ನಡುವೆ ಟಕ್ ಅಂತ ರಿಲೇ ಬದಲಾದರೂ ಒಂದು ಹಾಳೆಯೂ ಕೆಟ್ಟಿಲ್ಲ. ಅಕ್ಷರ ಕೈಗೆ ಬರುವ ದೂರು ಮತ್ತೆ ಬಂದಿಲ್ಲ. ಮೂರನೇ ವರ್ಷ ಒಂದು ತೊಂದರೆ ಕೊಟ್ಟಿತು. ಸಂಜೆ ಟಕ್ ಅನ್ನುವ ಬದಲು ಜುಂಯ್ ಅಂತ ಸದ್ದು, ಔಟ್‌ಪುಟ್ ನಂಬರ್ ಕುಣಿಯುತ್ತಿತ್ತು. ರಿಲೇಯ ಕಾಂಟ್ಯಾಕ್ಟ್ ಸುಟ್ಟಿತ್ತು. ರಿಪೇರಿಯವರು ಒಂದು ರಿಲೇ ಬದಲಿಸಿ 350 ರೂಪಾಯಿ ತೆಗೆದುಕೊಂಡರು. ಆ ಸದ್ದು ಬಂದರೆ ತಡ ಮಾಡಬೇಡಿ.

ಸ್ಟೆಬಿಲೈಜರ್ ಮಾಡದ ಕೆಲಸವೂ ಇದೆ. ಸಿಡಿಲು ಬಿದ್ದಾಗ ಬರುವ ಏಟು ಸೆಕೆಂಡಿನ ಲಕ್ಷದಲ್ಲೊಂದು ಭಾಗದಲ್ಲಿ ಬಂದು ಹೋಗಿರುತ್ತದೆ. ಅಷ್ಟರಲ್ಲಿ ರಿಲೇ ಅಲ್ಲಾಡುವುದೂ ಇಲ್ಲ. ಅದಕ್ಕೆ ಸ್ಪೈಕ್ ಗಾರ್ಡ್ ಬೇಕು. ಆದರೆ ಬರೀ ಆರು ಸಾಕೆಟ್ ಇರುವ ಪಟ್ಟಿ ಎಲ್ಲವೂ ಸ್ಪೈಕ್ ಗಾರ್ಡ್ ಅಲ್ಲ. ಒಳಗೆ ಎಂಒವಿ ಅನ್ನೋ ಬಿಲ್ಲೆ ಇರಬೇಕು, ಎಷ್ಟು ಜೌಲ್ ತಡೆಯುತ್ತದೆ ಅಂತ ಡಬ್ಬದ ಮೇಲೆ ಬರೆದಿರಬೇಕು. ಆ ಬಿಲ್ಲೆ ಏಟು ತಿಂದ ಹಾಗೆಲ್ಲ ಸವೆಯುತ್ತದೆ. ಅದು ಸರಿಯಿದೆ ಅಂತ ತೋರಿಸುವ ದೀಪ ಆರಿದರೆ ಪಟ್ಟಿಯನ್ನೇ ಬದಲಿಸಬೇಕು.

ನಾನು ಸ್ಪೈಕ್ ಗಾರ್ಡನ್ನು ಸ್ಟೆಬಿಲೈಜರ್ ಆದ ಮೇಲೆ, ಪ್ರಿಂಟರಿಗೆ ಮುಂಚೆ ಹಾಕಿದ್ದೇನೆ. ಇದಕ್ಕೆ ಕಾರಣ ಇದೆ. ಕಳೆದ ಮುಂಗಾರಿಗೆ ಮುಂಚಿನ ಗಾಳಿಮಳೆಯಲ್ಲಿ ಕೊಂಬೆ ಬಿದ್ದು ಕಂಬದ ಮೇಲೆ ನ್ಯೂಟ್ರಲ್ ತುಂಡಾಯಿತು. ಹಾಗಾದಾಗ ಸಿಂಗಲ್ ಫೇಸ್ ಮನೆಗಳಿಗೆ 230ರ ಬದಲು 300, 350, ಕೆಟ್ಟರೆ 400ರ ಹತ್ತಿರದವರೆಗೂ ಬರಬಹುದು. ಅದೂ ಕ್ಷಣಕ್ಕಲ್ಲ, ಯಾರಾದರೂ ಲೈನ್ ಆಫ್ ಮಾಡುವ ತನಕ. ಎಂಒವಿ ಇಂಥದ್ದಕ್ಕೆ ಮಾಡಿದ್ದಲ್ಲ, ಕಾದು ಸುಟ್ಟುಹೋಗುತ್ತದೆ. ಅವತ್ತು ಬಲ್ಬ್ ಹಗಲಿನ ಹಾಗೆ ಉರಿಯಿತು, ಸ್ಟೆಬಿಲೈಜರ್ ಡಿಸ್‌ಪ್ಲೇಯಲ್ಲಿ 304 ಕಂಡಿತು, ತಕ್ಷಣ ಔಟ್‌ಪುಟ್ ಕಟ್ ಆಯಿತು. ಓಡಿ ಮೇನ್ ಇಳಿಸಿದೆ. ಪಕ್ಕದ ಅಂಗಡಿಯ ಟಿವಿ ಹೋಯಿತು. ನನ್ನ ಪ್ರಿಂಟರ್, ಸ್ಪೈಕ್ ಗಾರ್ಡ್ ಎರಡೂ ಉಳಿದವು.

ಅರ್ಥಿಂಗ್ ಇಲ್ಲದೆ ಸ್ಪೈಕ್ ಗಾರ್ಡ್ ಅರ್ಧ ಕೆಲಸವನ್ನೂ ಮಾಡದು. ಮಲ್ಟಿಮೀಟರಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ನೋಡಿ, ಎರಡು ಮೂರು ವೋಲ್ಟ್ ಇದ್ದರೆ ಪರವಾಗಿಲ್ಲ. ನನ್ನಲ್ಲಿ 38 ಇತ್ತು. ಗುಂಡಿ ಪೂರ್ತಿ ಒಣಗಿತ್ತು, ಕ್ಲ್ಯಾಂಪ್ ತುಕ್ಕು ಹಿಡಿದಿತ್ತು. ಕ್ಲ್ಯಾಂಪ್ ಬದಲಿಸಿ, ಉಪ್ಪು ಇದ್ದಿಲು ಹಾಕಿ ನೀರು ಬಿಟ್ಟ ಮೇಲೆ 2ಕ್ಕೆ ಇಳಿಯಿತು. ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಈಗಲೂ ಹಾಕುತ್ತೇನೆ.

ಕಲರ್ ಪ್ರಿಂಟರಿನ ಕಥೆ ಪೂರ್ತಿ ಉಲ್ಟಾ. ಇಂಕ್ ಟ್ಯಾಂಕ್ ಪ್ರಿಂಟರಿನಲ್ಲಿ ಫ್ಯೂಸರಿನಂಥ ದೊಡ್ಡ ಹೀಟರ್ ಇಲ್ಲ, ಪ್ರಿಂಟ್ ಮಾಡುವಾಗಲೂ 20 ವ್ಯಾಟ್ ಒಳಗೇ. ನನ್ನದರ ಹಿಂದೆ 100 ರಿಂದ 240 ವೋಲ್ಟ್ ಅಂತ ಬರೆದಿದೆ, ಕಮ್ಮಿ ವೋಲ್ಟೇಜ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದಕ್ಕೆ ಕೆಡುಕು ದಿಢೀರ್ ಕರೆಂಟ್ ಹೋಗುವುದರಿಂದ. ಪ್ರಿಂಟ್ ನಡುವೆ ನಿಂತರೆ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಿಕೊಳ್ಳುವುದಿಲ್ಲ. ಹಾಗೇ ಗಂಟೆಗಟ್ಟಲೆ ಬಿಟ್ಟರೆ ಇಂಕ್ ಒಣಗಿ ಸಾಲು ಸಾಲು ಬಿಳಿ ಗೆರೆ ಬರುತ್ತವೆ. ಆದ್ದರಿಂದ ಲೇಸರ್ ತೆಗೆದ ಯುಪಿಎಸ್ ಸಾಕೆಟ್‌ನಲ್ಲಿ ಈಗ ಇದು ಕೂತಿದೆ. ಕರೆಂಟ್ ಹೋದರೆ ಕೈಯಲ್ಲಿದ್ದ ಪುಟ ಮುಗಿಸಿ, ಪ್ರಿಂಟರಿನ ಬಟನ್ ಒತ್ತಿಯೇ ಆಫ್ ಮಾಡುತ್ತೇನೆ. ಹುಡುಗನಿಗೂ ಹೇಳಿದ್ದೇನೆ, ರಾತ್ರಿ ಬೀಗ ಹಾಕುವಾಗ ಮೊದಲು ಬಟನ್, ಹೆಡ್ ನಿಂತ ಸದ್ದು ಕೇಳಿದ ಮೇಲೆ ಗೋಡೆಯ ಸ್ವಿಚ್.

ಲೇಸರ್ ಪ್ರಿಂಟ್ ನಡುವೆ ಕರೆಂಟ್ ಹೋದರೆ ಹಾಳೆ ಫ್ಯೂಸರಿನಲ್ಲಿ ಸಿಕ್ಕಿಕೊಳ್ಳುತ್ತದೆ ಅಷ್ಟೇ. ಹತ್ತು ನಿಮಿಷ ಆರಲು ಬಿಟ್ಟು, ಹಿಂದಿನ ಬಾಗಿಲು ತೆಗೆದು ಎರಡೂ ಕೈಯಿಂದ ನಿಧಾನ ಎಳೆದರೆ ಬರುತ್ತದೆ. ಅದಕ್ಕೋಸ್ಕರ ದೊಡ್ಡ ಆನ್‌ಲೈನ್ ಯುಪಿಎಸ್ ತರುವ ಖರ್ಚು ನಮ್ಮಂಥ ಅಂಗಡಿಗೆ ಬೇಕಿಲ್ಲ. ನಾನು ಮುಂದೆ ಹಾಕಿಸಬೇಕು ಅಂತಿರುವುದು ಮೀಟರ್ ಬೋರ್ಡ್‌ನಲ್ಲೇ ಕೂರುವ ಓವರ್ ವೋಲ್ಟೇಜ್ ಪ್ರೊಟೆಕ್ಟರ್. ನ್ಯೂಟ್ರಲ್ ತುಂಡಾದ ದಿನ ಪ್ರಿಂಟರ್ ಉಳಿಯಿತು, ಆದರೆ ಸ್ಟೆಬಿಲೈಜರ್ ಇಲ್ಲದ ಎರಡು ಎಲ್‌ಇಡಿ ಬಲ್ಬ್ ಮತ್ತು ವೈಫೈ ಅಡಾಪ್ಟರ್ ಅವತ್ತೇ ಹೋದವು.